ಮಧ್ಯಾಹ್ನ ಎರಡು ಗಂಟೆಯ ಹ್ಯಾಂಡೋವರ್ ಜಗಳ: ಹಿರಿಯರೊಬ್ಬರನ್ನು ನಡುವೆ ಕೂರಿಸಿಕೊಂಡು ಮಾತಾಡಿದ್ದು ಹೇಗೆ

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನ ಡ್ಯೂಟಿ 8ರಿಂದ 2, ಮಧ್ಯಾಹ್ನದ್ದು 2ರಿಂದ 8, ಆಮೇಲೆ ರಾತ್ರಿ ಪಾಳಿ. ಬೆಳಗಿನ ಪಾಳಿ ನೋಡಿಕೊಳ್ಳುವ ಮೇಡಂಗೂ ಮಧ್ಯಾಹ್ನದ ಪಾಳಿಯ ನನಗೂ ವರ್ಷಗಳಿಂದ ಮಾತಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಹ್ಯಾಂಡೋವರ್ ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಬರೆಯುವುದು, ಅದೂ ಸಾಲದಿದ್ದರೆ ವಾಟ್ಸಾಪ್ ಗ್ರೂಪಿನಲ್ಲಿ ಹಾಕುವುದು. "ಸ್ಯಾಂಪಲ್ ಪೆಂಡಿಂಗ್ ಬಿಟ್ಟು ಹೋಗಿದ್ದಾರೆ" ಎಂದು ಒಂದು ಕಡೆಯಿಂದ, "ಹ್ಯಾಂಡೋವರ್ ತಗೊಳ್ಳೋಕೆ ಯಾರೂ ಇರಲಿಲ್ಲ" ಎಂದು ಇನ್ನೊಂದು ಕಡೆಯಿಂದ. ಪಾಳಿಗಳ ನಡುವೆ ಒಂದು ಪೊಟ್ಯಾಸಿಯಮ್ ರಿಪೋರ್ಟ್ ಅಪಾಯದ ಮಟ್ಟದಲ್ಲಿ ಬಂದಿದ್ದರೂ ವಾರ್ಡಿಗೆ ಫೋನ್ ಹೋಗದೆ ಉಳಿದ ದಿನ ವಿಷಯ ಎಚ್‌ಆರ್ ತನಕ ಹೋಯಿತು. ರೋಗಿಗೆ ತೊಂದರೆಯಾಗಲಿಲ್ಲ, ಆದರೆ ಇಬ್ಬರೂ "ಅದು ನನ್ನ ಪಾಳಿಯದ್ದಲ್ಲ" ಎಂದೆವು. ನಾನು ಲಿಖಿತ ದೂರು ಕೊಟ್ಟೆ. ಅವರೂ ಲಿಖಿತ ಉತ್ತರ ಕೊಟ್ಟರು. ಎಚ್‌ಆರ್‌ನವರು ಇಬ್ಬರ ಮುಂದೆಯೂ ಎರಡು ದಾರಿ ಇಟ್ಟರು: ಮೆಮೊ ತೆಗೆದುಕೊಂಡು ವಿಚಾರಣೆಗೆ ಹೋಗುವುದು, ಇಲ್ಲವೇ ಒಬ್ಬ ಹಿರಿಯರನ್ನು ನಡುವೆ ಇಟ್ಟುಕೊಂಡು ಕೂತು ಮಾತಾಡುವುದು. ನಾವು ಎರಡನೆಯದನ್ನು ಒಪ್ಪಿದೆವು. ಈ ದಾರಿಗೆ ಇಳಿಯುವವರಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು ಅನ್ನಿಸಿದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಇದು ಪಂಚಾಯಿತಿ ಅಲ್ಲ. ಹಿರಿಯರು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಎರಡೂ ಕಡೆ ಕೇಳಿ "ನಿಂದು ತಪ್ಪು, ನೀನು ಸರಿ" ಎಂದು ತೀರ್ಪು ಕೊಡುವವರು. ಹಾಗೆಂದುಕೊಂಡು ಹೋದರೆ ಇಡೀ ಹೊತ್ತು ಹಿರಿಯರ ಮುಖ ನೋಡಿಕೊಂಡು ಅವರ ಎದುರು ಕೇಸ್ ಗೆಲ್ಲುವುದರಲ್ಲೇ ಕಳೆಯುತ್ತೇವೆ. ಮಧ್ಯಸ್ಥಿಕೆಯಲ್ಲಿ ಅವರು ತೀರ್ಪು ಕೊಡುವುದಿಲ್ಲ. ಯಾವ ಪರಿಹಾರವನ್ನೂ ಹೇರುವ ಅಧಿಕಾರ ಅವರಿಗಿಲ್ಲ. ಕೋರ್ಟುಗಳಿಗೆ ಸೇರಿದ ಮಧ್ಯಸ್ಥಿಕೆ ಕೇಂದ್ರಗಳಲ್ಲೂ ಕ್ರಮ ಇದೇ. ಬೆಂಗಳೂರಿನಲ್ಲಿ ಅಂಥ ಕೇಂದ್ರ 2007ರಿಂದ ನಡೆಯುತ್ತಿದೆ. ಆಫೀಸಿನೊಳಗೆ ನಡೆಯುವುದು ಅದರ ಸಣ್ಣ ರೂಪ: ವಕೀಲರಿಲ್ಲ.

ಯಾರು ಆ ಹಿರಿಯರು ಎಂಬುದನ್ನು ತೀರ್ಮಾನಿಸುವುದಕ್ಕೇ ಸಾಕಷ್ಟು ದಿನ ಹಿಡಿಯಿತು. ಎಚ್‌ಆರ್ ಮೊದಲು ಸೂಚಿಸಿದ್ದು ನಮ್ಮ ಪೆಥಾಲಜಿಸ್ಟ್ ಡಾಕ್ಟರನ್ನು. ಇಬ್ಬರನ್ನೂ ಚೆನ್ನಾಗಿ ಬಲ್ಲವರು ನಿಜ, ಆದರೆ ನಮ್ಮಿಬ್ಬರ ವಾರ್ಷಿಕ ಅಪ್ರೈಸಲ್ ಬರೆಯುವವರೂ ಅವರೇ. ಅಂಥವರ ಮುಂದೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಒಪ್ಪಿಕೊಂಡ ಪ್ರತಿಯೊಂದು ಮಾತೂ ಮುಂದೆ ಇನ್‌ಕ್ರಿಮೆಂಟ್ ಹೊತ್ತಿಗೆ ತಿರುಗಿ ಬಂದೀತು ಎಂಬ ಭಯ ಇದ್ದೇ ಇರುತ್ತದೆ. ಕೊನೆಗೆ ಕೆಲಸಕ್ಕೆ ಬಂದ ಉಪಾಯ ಇದು: ಇಬ್ಬರೂ ಬೇರೆ ಬೇರೆಯಾಗಿ ಮೂರು ಮೂರು ಹೆಸರು ಬರೆದು ಎಚ್‌ಆರ್‌ಗೆ ಕೊಡುವುದು, ಎರಡೂ ಚೀಟಿಯಲ್ಲಿ ಇರುವ ಹೆಸರನ್ನು ಕೇಳುವುದು. ಇಬ್ಬರ ಪಟ್ಟಿಯಲ್ಲೂ ಇದ್ದದ್ದು ಬ್ಲಡ್ ಬ್ಯಾಂಕಿನ ಹಿರಿಯ ಟೆಕ್ನಿಕಲ್ ಸೂಪರ್‌ವೈಸರ್ ಸರ್ ಒಬ್ಬರದೇ. ಲ್ಯಾಬ್ ಕೆಲಸ ಗೊತ್ತು, ನಮ್ಮ ಮೇಲೆ ಅಧಿಕಾರವಿಲ್ಲ, ಯಾರು ಗೆದ್ದರೂ ಅವರಿಗೆ ಲಾಭನಷ್ಟವಿಲ್ಲ. ಈ ಮೂರನ್ನು ನೋಡಿಕೊಂಡರೆ ಸಾಕು. ಕೆಲಸದ ಒಳಹೊರಗು ಗೊತ್ತಿರುವುದು ಎಷ್ಟು ಮುಖ್ಯ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಸರ್ ಒಪ್ಪಿಕೊಳ್ಳುವ ಮೊದಲು ಒಂದು ಪುಟದ ಒಪ್ಪಿಗೆ ಪತ್ರ ಬರೆಸಿದರು. ಇಬ್ಬರೂ ಸ್ವಇಚ್ಛೆಯಿಂದ ಬಂದಿದ್ದೇವೆ, ಯಾವಾಗ ಬೇಕಾದರೂ ಎದ್ದು ಹೋಗಬಹುದು, ಕೋಣೆಯಲ್ಲಿ ಆಡಿದ ಮಾತು ಎಚ್‌ಆರ್ ಫೈಲಿಗಾಗಲಿ ಅಪ್ರೈಸಲ್‌ಗಾಗಲಿ ಹೋಗುವುದಿಲ್ಲ, ಕೊನೆಯಲ್ಲಿ ಇಬ್ಬರೂ ಸಹಿ ಹಾಕಿದ ಒಪ್ಪಂದದ ಹಾಳೆ ಮಾತ್ರ ಹೊರಗೆ ಹೋಗುತ್ತದೆ. ಇದಕ್ಕೆ ಒಂದೇ ವಿನಾಯಿತಿ: ರೋಗಿಯ ಜೀವಕ್ಕೆ ಅಪಾಯ ತರುವ ಅಥವಾ ಕಾನೂನು ಮುರಿದ ವಿಷಯ ಹೊರಬಂದರೆ ಸರ್ ಅದನ್ನು ಬಚ್ಚಿಡುವುದಿಲ್ಲ. ಈ ಪತ್ರಕ್ಕೆ ಎಚ್‌ಆರ್ ಸಹಿಯೂ ಬೇಕು ಎಂದು ಅವರು ಹಟ ಹಿಡಿದದ್ದು ಆಗ ಅತಿಯಾಯಿತೇನೋ ಅನ್ನಿಸಿತ್ತು. ಸಭೆ ಮುಗಿದ ಮೇಲೆ ಎಚ್‌ಆರ್‌ನಿಂದ "ಏನೇನು ಮಾತಾಯಿತು, ಮಿನಿಟ್ಸ್ ಕಳಿಸಿ" ಎಂಬ ಮೇಲ್ ಬಂದಾಗ ಆ ಸಹಿಯೇ ನಮ್ಮನ್ನು ಉಳಿಸಿತು. ಸರ್ ಆ ಪತ್ರದ ಪ್ರತಿಯನ್ನೇ ಉತ್ತರವಾಗಿ ಕಳಿಸಿದರು. ವಿಷಯ ಅಲ್ಲಿಗೆ ಮುಗಿಯಿತು.

ಎಲ್ಲ ಜಗಳಕ್ಕೂ ಈ ದಾರಿ ಸಲ್ಲುವುದಿಲ್ಲ. ಹೊಡೆತ, ಜಾತಿ ನಿಂದನೆ, ರಿಪೋರ್ಟ್ ತಿದ್ದಿದ ಆರೋಪ ಇವಕ್ಕೆ ವಿಚಾರಣೆಯೇ ಸರಿ. ಲೈಂಗಿಕ ಕಿರುಕುಳದ ದೂರು 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ಹೋಗಬೇಕು. ಅಲ್ಲಿ ರಾಜಿ ಮಾತುಕತೆ ನಡೆಯಬೇಕಾದರೂ ದೂರು ಕೊಟ್ಟ ಮಹಿಳೆಯೇ ಕೇಳಿರಬೇಕು, ಹಣ ಕೊಟ್ಟು ಮುಗಿಸುವುದನ್ನು ಕಾಯ್ದೆ ಒಪ್ಪುವುದಿಲ್ಲ. "ಹಿರಿಯರ ಮುಂದೆ ಕೂತು ಮುಗಿಸಿಕೊಳ್ಳಿ" ಎಂದು ಅಂಥ ದೂರಿನವರಿಗೆ ಯಾರಾದರೂ ಹೇಳಿದರೆ ಒಪ್ಪಬೇಡಿ.

ಇಬ್ಬರೂ ಒಟ್ಟಿಗೆ ಕೂರುವ ಮೊದಲು ಸರ್ ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ಮುಕ್ಕಾಲು ಗಂಟೆಯಷ್ಟು ಮಾತಾಡಿದರು. ನನ್ನ ಪ್ರಕಾರ ಇಡೀ ಪ್ರಕ್ರಿಯೆ ನಿಂತಿರುವುದು ಈ ಭೇಟಿಯ ಮೇಲೆ. ಸಮಯವಿಲ್ಲವೆಂದು ಇದನ್ನು ಬಿಟ್ಟು ನೇರವಾಗಿ ಇಬ್ಬರನ್ನೂ ಎದುರುಬದುರು ಕೂರಿಸಿದರೆ ಕೂಡಿಟ್ಟ ಸಿಟ್ಟೆಲ್ಲ ಮೊದಲ ಹತ್ತು ನಿಮಿಷದಲ್ಲೇ ಹೊರಬಂದು ಮಾತು ಅಲ್ಲೇ ಮುರಿದುಬೀಳುತ್ತದೆ. ಒಬ್ಬರೇ ಇದ್ದಾಗ ಬೈಯುವುದಿದ್ದರೆ ಬೈಯಬಹುದು, ಅಳುವುದಿದ್ದರೆ ಅಳಬಹುದು. ಸರ್ ಸುಮ್ಮನೆ ಕೇಳಿಸಿಕೊಂಡರು. ನನ್ನ ಪರವಾಗಿ ತಲೆಯಾಡಿಸಲಿಲ್ಲ, ಅವರ ಪರವಾಗಿ ಸಮಜಾಯಿಷಿಯನ್ನೂ ಕೊಡಲಿಲ್ಲ. ಆಮೇಲೆ ಕೇಳಿದ್ದು ಮೂರೇ ಪ್ರಶ್ನೆ. "ಕೊನೇ ಸಲ ಇದು ಆದದ್ದು ಯಾವ ದಿನ, ಎಷ್ಟು ಗಂಟೆಗೆ, ಏನಾಯ್ತು? ಯಾವಾಗಲೂ, ಯಾವತ್ತೂ ಅನ್ನೋದು ಬೇಡ." "ನಾಳೆಯಿಂದ ಎಲ್ಲ ಸರಿಯಾಯ್ತು ಅಂದ್ಕೊಳ್ಳಿ, ಎರಡು ಗಂಟೆಗೆ ಲ್ಯಾಬಿಗೆ ಬಂದಾಗ ನಿಮ್ಮ ಕಣ್ಣಿಗೆ ಏನು ಕಾಣಬೇಕು?" "ಅವರ ಮುಂದೆ ನಾನು ಎತ್ತಬಾರದ್ದು ಏನಾದರೂ ಇದೆಯಾ?"

ಎರಡನೇ ಪ್ರಶ್ನೆಗೆ ಮನೆಯಲ್ಲೇ ಉತ್ತರ ಬರೆದುಕೊಂಡು ಹೋಗಿ. "ಅವರು ಬದಲಾಗಬೇಕು" ಎಂಬುದು ಉತ್ತರವಲ್ಲ. "ಸೆಂಟ್ರಿಫ್ಯೂಜಿನ ಪಕ್ಕದ ರ‍್ಯಾಕಿನಲ್ಲಿರುವ ಪ್ರತಿ ಟ್ಯೂಬಿನ ಮೇಲೆ ಬಂದ ಸಮಯ ಬರೆದಿರಬೇಕು" ಎಂಬುದು ಉತ್ತರ.

ದಾಖಲೆಗಳ ವಿಷಯ. ನಾನು ಒಯ್ದದ್ದು ಹ್ಯಾಂಡೋವರ್ ರಿಜಿಸ್ಟರಿನ ಮೂರು ತಿಂಗಳ ಜೆರಾಕ್ಸ್, ಡ್ಯೂಟಿ ರೋಸ್ಟರ್, ಕಂಪ್ಯೂಟರಿನಿಂದ ತೆಗೆದ ಸ್ಯಾಂಪಲ್ ಬಂದ ಸಮಯ ಮತ್ತು ರಿಪೋರ್ಟ್ ಆದ ಸಮಯದ ಪ್ರಿಂಟ್. ರೋಗಿಗಳ ಹೆಸರು, ನಂಬರುಗಳ ಮೇಲೆ ಕಪ್ಪು ಸ್ಕೆಚ್ ಪೆನ್ ಎಳೆದು ಮತ್ತೆ ಜೆರಾಕ್ಸ್ ಮಾಡಿಸಬೇಕು; ಬರೀ ಗೀಟು ಎಳೆದರೆ ಬೆಳಕಿಗೆ ಹಿಡಿದಾಗ ಹೆಸರು ಕಾಣಿಸುತ್ತದೆ. ವಾಟ್ಸಾಪ್ ಸ್ಕ್ರೀನ್‌ಶಾಟುಗಳನ್ನು ಸರ್ ಒಬ್ಬೊಬ್ಬರ ಭೇಟಿಯಲ್ಲೇ ನೋಡಿ, ಜಂಟಿ ಸಭೆಗೆ ತರಬೇಡಿ ಎಂದರು. ಸ್ಕ್ರೀನ್‌ಶಾಟ್ ಮೇಜಿನ ಮೇಲೆ ಬಂತೆಂದರೆ ಮಾತು ಮುಂದಕ್ಕೆ ಹೋಗುವುದಿಲ್ಲ, ಅದಕ್ಕೆ ಉತ್ತರವಾಗಿ ಇನ್ನೊಂದು ಸ್ಕ್ರೀನ್‌ಶಾಟ್ ಬರುತ್ತದೆ. ರಿಜಿಸ್ಟರ್ ಹಾಗಲ್ಲ, ಇಬ್ಬರ ಕೈಬರಹವೂ ಅದರಲ್ಲೇ ಇರುತ್ತದೆ.

ದಿನ ಹೊಂದಿಸುವುದು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಎರಡು ಪಾಳಿಯ ಇಬ್ಬರೂ ಒಂದೇ ಹೊತ್ತಿಗೆ ಬಿಡುವಾಗಬೇಕೆಂದರೆ ಮೂರನೆಯವರು ಲ್ಯಾಬ್ ನೋಡಿಕೊಳ್ಳಬೇಕು, ಅವರಿಗೆ ಓವರ್‌ಟೈಮ್ ಕೊಡಬೇಕು. ಈ ಪ್ರಕ್ರಿಯೆಗೆ ಆದ ನೇರ ಖರ್ಚು ಅದೊಂದೇ, ಆದರೆ ಅದರ ಮಂಜೂರಾತಿಗಾಗಿಯೇ ತಿಂಗಳ ಹೊಸ ರೋಸ್ಟರ್ ಬರುವವರೆಗೆ ಕಾಯಬೇಕಾಯಿತು. ಈ ಕಾಯುವ ಹೊತ್ತಿನಲ್ಲೇ ಜಗಳ ಇನ್ನಷ್ಟು ಬೆಳೆಯುವುದುಂಟು. ಸರ್ ಅಲ್ಲಿಯವರೆಗೆ ಇಬ್ಬರಿಗೂ ಒಂದೇ ಷರತ್ತು ಹಾಕಿದ್ದರು: ಷರಾ ಕಾಲಮ್ಮಿನಲ್ಲಿ ಸ್ಯಾಂಪಲ್ ನಂಬರ್ ಮತ್ತು ಸಮಯ ಮಾತ್ರ, ವಿಶೇಷಣ ಬೇಡ, ಗ್ರೂಪಿನಲ್ಲಿ ಒಬ್ಬರ ಬಗ್ಗೆ ಒಬ್ಬರು ಏನೂ ಹಾಕಬಾರದು.

ಜಾಗ ಸಿಕ್ಕಿದ್ದು ಬ್ಲಡ್ ಬ್ಯಾಂಕಿನಲ್ಲಿ ರಕ್ತದಾನಿಗಳಿಗೆ ಕೌನ್ಸೆಲಿಂಗ್ ಮಾಡುವ ಕೋಣೆ. ಎಚ್‌ಆರ್ ಕ್ಯಾಬಿನ್ನಿನಲ್ಲಿ ಕೂತರೆ ವಿಚಾರಣೆ ಅನ್ನಿಸುತ್ತದೆ, ಲ್ಯಾಬಿನಲ್ಲಿ ಕೂತರೆ ಯಾರಾದರೂ ಬಾಗಿಲು ತಟ್ಟುತ್ತಲೇ ಇರುತ್ತಾರೆ. ಮೇಜನ್ನು ಗೋಡೆಗೆ ಸರಿಸಿ ಮೂರು ಕುರ್ಚಿಗಳನ್ನು ತ್ರಿಕೋನವಾಗಿ ಹಾಕಿದ್ದರು. ಇನ್ನೊಂದು ವಿಷಯ ನನಗೆ ತುಂಬ ಹಿಡಿಸಿತು. ಸರ್ ನನ್ನನ್ನು ಮೊದಲಿನಿಂದಲೂ ಬಲ್ಲವರು, ಹೆಸರು ಹಿಡಿದು "ಬಾರೋ, ಹೋಗೋ" ಅನ್ನುವಷ್ಟು ಸಲಿಗೆ. ಮೇಡಂಗೆ ಅವರು ಬಹುವಚನ ಬಿಟ್ಟು ಮಾತಾಡಿದವರಲ್ಲ. "ಅವತ್ತು ಒಳಗೆ ಕೂತಾಗ ಇಬ್ಬರಿಗೂ 'ನೀವು' ಅಂತೀನಿ, ಬೇಜಾರು ಮಾಡ್ಕೋಬೇಡ" ಎಂದು ನನಗೆ ಮೊದಲೇ ಹೇಳಿದ್ದರು. ಒಬ್ಬರಿಗೆ ಸಲಿಗೆ, ಒಬ್ಬರಿಗೆ ಮರ್ಯಾದೆ ಆದರೆ ಇಬ್ಬರಿಗೂ ಅನುಮಾನ ಹುಟ್ಟುತ್ತದೆ: ಸಲಿಗೆ ಕಂಡವರಿಗೆ "ಇವರು ಅವನ ಕಡೆ" ಅನ್ನಿಸುತ್ತದೆ, ಮರ್ಯಾದೆ ಕಂಡವರಿಗೆ "ಅವರಿಗೆ ಮಾತ್ರ ಗೌರವ" ಅನ್ನಿಸುತ್ತದೆ.

ಜಂಟಿ ಸಭೆ ಎರಡೂವರೆ ಗಂಟೆ ನಡೆಯಿತು. ಮೊದಲು ಒಬ್ಬೊಬ್ಬರಿಗೆ ಹತ್ತು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ತಡೆಯಲಾಗದಿದ್ದರೆ ಹಾಳೆಯಲ್ಲಿ ಬರೆದುಕೊಳ್ಳಬೇಕು. ಯಾರು ಮೊದಲು ಎಂಬುದಕ್ಕೆ ನಾಣ್ಯ ಚಿಮ್ಮಿದರು. ಆಮೇಲಿನದು ನಿಜಕ್ಕೂ ಕಷ್ಟದ ಭಾಗ. ಅವರು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ತಿರುಗಿ ಹೇಳಬೇಕು, ಅವರು "ಹೌದು, ಅಷ್ಟೇ" ಅನ್ನುವವರೆಗೆ ಬಿಡುವಂತಿಲ್ಲ. ನಂತರ ಅವರ ಸರದಿ. ಒಪ್ಪಬೇಕೆಂದಿಲ್ಲ, ಸರಿಯಾಗಿ ಹೇಳಬೇಕಷ್ಟೇ. "ಆದರೆ" ಎಂಬ ಪದ ಬಂದ ಕಡೆಯೆಲ್ಲ ಸರ್ ಕೈ ಎತ್ತಿ ನಿಲ್ಲಿಸುತ್ತಿದ್ದರು. ನನ್ನ ದೂರಿನ ವಿಷಯ ಮೇಡಂಗೆ ಗೊತ್ತಾದದ್ದು ಎಚ್‌ಆರ್‌ನ ಪತ್ರದಿಂದ, ಅದೂ ಇಡೀ ಸಿಬ್ಬಂದಿ ಇದ್ದಾಗ ಪ್ಯೂನ್ ತಂದುಕೊಟ್ಟ ಲಕೋಟೆಯಿಂದ ಎಂದು ನನಗೆ ತಿಳಿದದ್ದು ಈ ಹಂತದಲ್ಲಿ. ಗ್ರೂಪಿನಲ್ಲಿ ನನ್ನ ಪಾಳಿಯ ಬಗ್ಗೆ ಬಂದ ಒಂದು ಸಾಲನ್ನು ನನ್ನ ಮನೆಯವರು ಕೂಡ ಓದಿದ್ದರೆಂದು ಅವರಿಗೆ ತಿಳಿದದ್ದೂ ಆಗಲೇ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸರ್ ಕ್ಷಮೆ ಕೇಳಿ ಎಂದು ಯಾರಿಗೂ ಹೇಳಲಿಲ್ಲ. ಒತ್ತಾಯಕ್ಕೆ ಬಂದ ಕ್ಷಮೆಯನ್ನು ಯಾರೂ ನಂಬುವುದಿಲ್ಲ, ಆಮೇಲೆ ಅದೇ ಹೊಸ ದೂರಾಗುತ್ತದೆ.

ಆಮೇಲೆ ವಿಷಯಗಳ ಪಟ್ಟಿ. ನಾನು "ಪೆಂಡಿಂಗ್ ಬಿಡುವುದು" ಎಂದೆ, ಅವರು "ತಡವಾಗಿ ಬರುವುದು" ಎಂದರು. ಸರ್ ಎರಡನ್ನೂ ಬರೆಯಲಿಲ್ಲ. "ಮಧ್ಯಾಹ್ನ 12.30ರಿಂದ 2.30ರವರೆಗಿನ ಕೆಲಸ" ಎಂದು ಬರೆದರು. ತಪ್ಪು ಯಾರದೆಂದು ತಲೆಬರಹದಲ್ಲೇ ಬರೆದುಬಿಟ್ಟರೆ ಉಳಿದ ಮಾತೆಲ್ಲ ಅದರ ಸುತ್ತಲೇ ಸುತ್ತುತ್ತದೆ. ಉಳಿದೆರಡು ಶೀರ್ಷಿಕೆ "ಅಪಾಯದ ರಿಪೋರ್ಟಿನ ಫೋನ್" ಮತ್ತು "ಒಬ್ಬರ ಬಗ್ಗೆ ಒಬ್ಬರು ಎಲ್ಲಿ ಮಾತಾಡುವುದು".

ಮೊದಲ ವಿಷಯದಲ್ಲೇ ಮಾತು ಏರಿತು, "ಹಾಗಾದರೆ ವಿಚಾರಣೆಯೇ ಆಗಲಿ" ಎನ್ನುವ ಮಟ್ಟಕ್ಕೆ ಹೋಯಿತು. ಸರ್ ಸಭೆ ನಿಲ್ಲಿಸಿ ಒಬ್ಬೊಬ್ಬರೊಂದಿಗೆ ಸರಿಸಮವಾಗಿ ಹದಿನೈದು ನಿಮಿಷ ಬೇರೆಯಾಗಿ ಕೂತರು. ಹೊರಗೆ ಕಾಯುವವರಿಗೆ ಒಳಗೆ ಏನೋ ಪಿತೂರಿ ನಡೆಯುತ್ತಿದೆ ಅನ್ನಿಸುವುದು ಸಹಜ, ಹಾಗಾಗಿ ಸಮಯ ಒಂದೇ ಇರಬೇಕು, ಎಷ್ಟು ಹೊತ್ತೆಂದು ಮೊದಲೇ ಹೇಳಬೇಕು. ನನ್ನನ್ನು ಕೇಳಿದ್ದು ಇಷ್ಟೇ: "ವಿಚಾರಣೆ ಆಗಿ ನೀವೇ ಗೆದ್ದಿರಿ ಅಂತಿಟ್ಕೊಳ್ಳಿ. ಮಾರನೇ ದಿನ ಎರಡು ಗಂಟೆಗೆ ಹ್ಯಾಂಡೋವರ್ ಯಾರ ಕೈಯಿಂದ ತಗೊಳ್ತೀರಿ?" ಅದಕ್ಕೆ ಉತ್ತರ ಮೇಡಂ ಹೆಸರೇ. ವಿಚಾರಣೆಯಿಂದ ರೋಸ್ಟರ್ ಬದಲಾಗುವುದಿಲ್ಲ.

ಮತ್ತೆ ಒಟ್ಟಿಗೆ ಕೂತಾಗ ಅವರು ನಮ್ಮಿಬ್ಬರ ಕೈಗೂ ಪೆನ್ನು ಕೊಟ್ಟು, 1.15ಕ್ಕೆ ಲ್ಯಾಬಿಗೆ ಬಂದ ಒಂದು ಬಯೋಕೆಮಿಸ್ಟ್ರಿ ಸ್ಯಾಂಪಲ್ ಎಷ್ಟು ಹೊತ್ತಿಗೆ ರಿಪೋರ್ಟ್ ಆಗುತ್ತದೆ ಎಂದು ಹಂತಹಂತವಾಗಿ ಬರೆಯಿರಿ ಎಂದರು. ನಮ್ಮಲ್ಲಿ ಬಳಸುವುದು ಪ್ಲೇನ್ ಟ್ಯೂಬ್. ರಕ್ತ ಹೆಪ್ಪುಗಟ್ಟಲು 30 ನಿಮಿಷ ಬಿಡಬೇಕು, ಅಲ್ಲಿಗೆ 1.45. ಸೀರಮ್ ಎಂಬ ತಿಳಿ ದ್ರವ ಬೇರೆಯಾಗಲು ಸೆಂಟ್ರಿಫ್ಯೂಜಿನಲ್ಲಿ 10 ನಿಮಿಷ ತಿರುಗಿಸಬೇಕು, 1.55. ಸೀರಮ್ ಮೆಷಿನ್ನಿಗೆ ಇಟ್ಟ ಮೇಲೆ ಮೊದಲ ಫಲಿತಾಂಶಕ್ಕೆ ಸುಮಾರು 10 ನಿಮಿಷ, ಸಾಲಿನಲ್ಲಿ ಬೇರೆ ಸ್ಯಾಂಪಲ್ ಇದ್ದರೆ ಇನ್ನೂ ಹೆಚ್ಚು. ಅಂದರೆ ಯಾರು ಎಷ್ಟೇ ಚುರುಕಾಗಿದ್ದರೂ 2 ಗಂಟೆಯೊಳಗೆ ಆ ರಿಪೋರ್ಟ್ ಹೊರಬರುವುದಿಲ್ಲ. ಆತುರಪಟ್ಟು ಹೆಪ್ಪುಗಟ್ಟುವ ಮುನ್ನವೇ ತಿರುಗಿಸಿದರೆ ಸೀರಮ್ಮಿನಲ್ಲಿ ಫೈಬ್ರಿನ್ ಎಳೆ ಉಳಿದು ಮೆಷಿನ್ನಿನ ಪ್ರೋಬ್ ಕಟ್ಟಿಕೊಳ್ಳುತ್ತದೆ. ಹಾಗೆಂದು ಸುಮ್ಮನೆ ಬಿಟ್ಟರೆ ಕಣಗಳಿಂದ ಪೊಟ್ಯಾಸಿಯಮ್ ಸೋರಿ ಫಲಿತಾಂಶವೇ ಸುಳ್ಳಾಗುತ್ತದೆ. ಆಮೇಲೆ ಸರ್ ಕಂಪ್ಯೂಟರ್ ಪ್ರಿಂಟಿನ ಮೇಲೆ ಬೆರಳಿಟ್ಟರು. ಓಪಿಡಿ ಸ್ಯಾಂಪಲ್‌ಗಳು ದಟ್ಟವಾಗಿ ಬರುವುದು 12.30ರಿಂದ 1.30ರ ನಡುವೆ, ಡಾಕ್ಟರುಗಳು ಊಟಕ್ಕೆ ಏಳುವ ಮೊದಲು ಬರೆದುಕೊಟ್ಟವೆಲ್ಲ ಒಟ್ಟಿಗೆ.

ವರ್ಷಗಟ್ಟಲೆ ನಾನು ಸೋಮಾರಿತನ ಎಂದು ಓದಿಕೊಂಡ ಪೆಂಡಿಂಗ್ ಅದು. ಮೇಡಂ ಕೂಡ ಹಾಳೆಯನ್ನೇ ನೋಡುತ್ತಾ "1 ಗಂಟೆ ಮೇಲೆ ಬಂದಿದ್ದು ನನ್ನ ಕೈಯಲ್ಲಿ ಮುಗಿಯೋದೇ ಇಲ್ಲ, ಅದಕ್ಕೇ ಹೊರಡೋವಾಗ ಸಿಟ್ಟು ಬರ್ತಿತ್ತು" ಎಂದರು. ಅವರ ಊರಿನ ಬಸ್ಸು 2.10ಕ್ಕೆ, ಅದು ತಪ್ಪಿದರೆ ಮುಂದಿನದು ಒಂದು ಗಂಟೆ ಬಿಟ್ಟು. ನಾನು 2ಕ್ಕೆ ಪಂಚ್ ಮಾಡಿ, ಏಪ್ರನ್ ಹಾಕಿ ಒಳಗೆ ಬರುವಷ್ಟರಲ್ಲಿ 2.05. ಹಾಗಾಗಿ ದಿನವೂ ಕೈಬದಲಾಗಬೇಕಾದ ಆ ಐದು ಹತ್ತು ನಿಮಿಷ ರೋಸ್ಟರಿನಲ್ಲಿ ಯಾರ ಹೆಸರಿನಲ್ಲೂ ಇರಲಿಲ್ಲ. ಅಪಾಯದ ಪೊಟ್ಯಾಸಿಯಮ್ ರಿಪೋರ್ಟ್ ಬಂದದ್ದು ಅದೇ ಹೊತ್ತಿನಲ್ಲಿ. ಕೆಲಸ ಗೊತ್ತಿಲ್ಲದ ಹಿರಿಯರು ನಡುವೆ ಕೂತಿದ್ದರೆ "ಹೊಂದಿಕೊಂಡು ಹೋಗಿ" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು.

ಒಪ್ಪಂದ ಒಂದು ಹಾಳೆಯಷ್ಟೇ. ಪ್ರತಿ ಸಾಲಿನಲ್ಲೂ ಯಾರು, ಏನು, ಎಷ್ಟು ಗಂಟೆಗೆ ಎಂಬುದು ಇರಬೇಕೆಂದು ಸರ್ ಪಟ್ಟು ಹಿಡಿದರು. "ಪರಸ್ಪರ ಗೌರವದಿಂದ ನಡೆದುಕೊಳ್ಳುವುದು" ಎಂದು ನಾವು ಬರೆದದ್ದನ್ನು ಹೊಡೆದುಹಾಕಿ "ಇದು ಪಾಲನೆ ಆಯ್ತೋ ಇಲ್ವೋ ಅಂತ ಯಾರು ಅಳೀತಾರೆ?" ಎಂದು ಕೇಳಿದರು. ಕೊನೆಗೆ ಉಳಿದದ್ದು ಇಷ್ಟು. 1 ಗಂಟೆಯೊಳಗೆ ಬಂದ ಸ್ಯಾಂಪಲ್ ಬೆಳಗಿನ ಪಾಳಿಯದು. ಆಮೇಲೆ ಬಂದವಕ್ಕೆ ಬೆಳಗಿನವರು ಬಾರ್‌ಕೋಡ್ ಅಂಟಿಸಿ, ಟ್ಯೂಬಿನ ಮೇಲೆ ಸಮಯ ಬರೆದು, ಹೆಪ್ಪುಗಟ್ಟಿದ್ದನ್ನು ತಿರುಗಿಸಿ ಬೇರೆ ರ‍್ಯಾಕಿನಲ್ಲಿಡುವುದು. ಮೆಷಿನ್ನಿಗೆ ಇಡುವುದು ಮಧ್ಯಾಹ್ನದವರು. ಮಧ್ಯಾಹ್ನದವರು 1.50ಕ್ಕೆ ಬಂದು 7.50ಕ್ಕೆ ಹೊರಡುವುದು, ರಾತ್ರಿಯವರು 7.50ಕ್ಕೆ ಬರುವುದು. ಅಪಾಯದ ಮಟ್ಟದ ಫಲಿತಾಂಶವನ್ನು ಪರದೆಯ ಮೇಲೆ ಮೊದಲು ಕಂಡವರೇ ಫೋನ್ ಮಾಡುವುದು, ಪಾಳಿ ಯಾರದೇ ಇರಲಿ. ಫೋನ್ ತೆಗೆದುಕೊಂಡವರಿಂದ ಅಂಕಿಯನ್ನು ತಿರುಗಿ ಹೇಳಿಸಿ, ಅವರ ಹೆಸರು ಮತ್ತು ಸಮಯ ಬರೆಯುವುದು. ದೂರಿದ್ದರೆ ಅದೇ ದಿನ ನೇರವಾಗಿ ಹೇಳುವುದು, ಆಗದಿದ್ದರೆ ಸರ್‌ಗೆ ಹೇಳುವುದು, ಗ್ರೂಪಿಗೆ ಹಾಕದಿರುವುದು. 30 ದಿನಕ್ಕೆ ಮತ್ತೆ ಕೂರುವುದು.

ಪಾಳಿಯ ಸಮಯ ಬದಲಿಸುವ ಅಧಿಕಾರ ನಮ್ಮ ಮೂವರಿಗೂ ಇಲ್ಲ. ಪೆಥಾಲಜಿಸ್ಟ್ ಡಾಕ್ಟರನ್ನು ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ಒಳಗೆ ಕರೆದು ಹಾಳೆ ತೋರಿಸಿ ಸಹಿ ಪಡೆದೆವು. ಈ ವ್ಯವಸ್ಥೆಯನ್ನು ಸಭೆಯ ದಿನವೇ ಹೊಂದಿಸಿಟ್ಟುಕೊಳ್ಳಿ. ಅನುಮತಿ ಕೊಡುವವರು ಊರಲ್ಲಿಲ್ಲದಿದ್ದರೆ ಒಪ್ಪಂದ ಫೈಲಿನಲ್ಲೇ ಕೂರುತ್ತದೆ, ಅಷ್ಟರಲ್ಲಿ ಮತ್ತೊಂದು ಪೆಂಡಿಂಗ್, ಮತ್ತೊಂದು ಷರಾ. ರಾತ್ರಿ ಪಾಳಿಯವರನ್ನು ಕೇಳದೆ ಅವರ ಸಮಯ ಬರೆದಿದ್ದೆವು, ಮಾರನೇ ದಿನ ಸರ್ ಹೋಗಿ ಅವರ ಒಪ್ಪಿಗೆ ಪಡೆದ ಮೇಲೆಯೇ ಹಾಳೆ ಜಾರಿಗೆ ಬಂದದ್ದು.

ಯಾರೂ ಎಣಿಸದಿದ್ದ ತೊಡಕು ಬಂದದ್ದು ಬಯೋಮೆಟ್ರಿಕ್ ಹಾಜರಾತಿಯಿಂದ. ಸಿಸ್ಟಮ್ಮಿನಲ್ಲಿ ಮಧ್ಯಾಹ್ನದ ಪಾಳಿ 2ರಿಂದ 8 ಎಂದೇ ಇತ್ತು. 7.50ಕ್ಕೆ ಪಂಚ್ ಮಾಡಿದ್ದನ್ನೆಲ್ಲ ಅದು "ಬೇಗ ಹೊರಟದ್ದು" ಎಂದು ಹಿಡಿದು, ತಿಂಗಳ ಕೊನೆಗೆ ನನ್ನ ಖಾತೆಯಲ್ಲಿ ಅರ್ಧ ದಿನದ ರಜೆಗಳನ್ನು ಕಳೆದಿತ್ತು. ಒಪ್ಪಂದದ ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟ ಮೇಲೆ ಸರಿಹೋಯಿತು. ಸಮಯಕ್ಕೆ ಸಂಬಂಧಿಸಿದ ಒಪ್ಪಂದ ಮಾಡಿಕೊಳ್ಳುವವರು ಪಾಳಿಯ ಕೋಡ್ ಬದಲಾಯಿಸುವ ಪತ್ರವನ್ನು ಅದೇ ದಿನ ಎಚ್‌ಆರ್‌ಗೆ ಕೊಡಿ.

30 ದಿನದ ಭೇಟಿ ಅರ್ಧ ಗಂಟೆಯಲ್ಲಿ ಮುಗಿಯಿತು. ರಿಜಿಸ್ಟರ್ ಬಿಚ್ಚಿ ನೋಡಿದರೆ 1 ಗಂಟೆಯ ಗೆರೆ ಬಹುತೇಕ ದಿನ ಪಾಲನೆಯಾಗಿತ್ತು. ಟ್ಯೂಬಿನ ಮೇಲೆ ಸಮಯ ಬರೆಯುವುದು ಮಾತ್ರ ಜನಜಂಗುಳಿಯ ದಿನಗಳಲ್ಲಿ ತಪ್ಪುತ್ತಿತ್ತು, ಅದಕ್ಕೆ ಬಾರ್‌ಕೋಡ್ ಚೀಟಿಯಲ್ಲೇ ಸಮಯ ಅಚ್ಚಾಗುವಂತೆ ಮಾಡಿಸಿದೆವು. ಮೇಡಂ ಮತ್ತು ನಾನು ಸ್ನೇಹಿತರಾಗಿಲ್ಲ, ಹಾಗಾಗಬೇಕೆಂದು ಹಾಳೆಯಲ್ಲಿ ಬರೆದೂ ಇಲ್ಲ. 1.50ಕ್ಕೆ ರ‍್ಯಾಕಿನ ಪಕ್ಕ ನಿಂತು ಯಾವ ಟ್ಯೂಬ್ ಎಲ್ಲಿಗೆ ಬಂದಿದೆ ಎಂದು ಬಾಯಿಮಾತಿನಲ್ಲೇ ಹೇಳಿಕೊಳ್ಳುತ್ತೇವೆ. ಭಾನುವಾರ ಲ್ಯಾಬಿನಲ್ಲಿ ಒಬ್ಬರೇ ಟೆಕ್ನಿಶಿಯನ್ ಇರುವ ದಿನದ ಹ್ಯಾಂಡೋವರ್ ಹೇಗೆ ಎಂಬುದು ಈ ಒಪ್ಪಂದದಲ್ಲಿ ಸೇರಿಲ್ಲ. ಅದನ್ನು ಮುಂದಿನ ರೋಸ್ಟರಿಗೆ ಮೊದಲು ಸರ್ ಜೊತೆ ಕೂತು ಬರೆಯಬೇಕಾಗಿದೆ.